ಪುಸ್ತಕದಲ್ಲಿ ಒಂದು, ಭಟ್ಟರ ಬಾಯಲ್ಲಿ ಇನ್ನೊಂದು: ಯಾವುದು ಸರಿ?

ಮೂರ್ನಾಡು ಕಡೆಯ ಓದುಗರೊಬ್ಬರು ಕೇಳಿದ್ದಾರೆ: “ಹೊಸ ಮನೆಯ ಗಣಹೋಮದಲ್ಲಿ ಭಟ್ಟರು ‘ಭದ್ರಂ ಕರ್ಣೇಭಿಃ’ ಹೇಳುವಾಗ ನಾನೂ ಪುಸ್ತಕ ಹಿಡಿದು ಕೂತಿದ್ದೆ. ಪುಸ್ತಕದಲ್ಲಿ ‘ತುಷ್ಟುವಾಂ ಸಸ್ತನೂಭಿಃ’ ಅಂತ ಇದೆ. ಅವರು ‘ತುಷ್ಟುವಾಗ್ಂಸಸ್ತನೂಭಿಃ’ ಅಂದರು. ಆ ‘ಗ್’ ಎಲ್ಲಿಂದ ಬಂತು? ಅಚ್ಚಾದ ಪುಸ್ತಕ ಕೈಯಲ್ಲಿರುವಾಗ ಬಾಯಿಪಾಠವನ್ನೇ ಯಾಕೆ ನಂಬಬೇಕು?”

ಒಳ್ಳೆಯ ಪ್ರಶ್ನೆ. ಮೊದಲು ಆ ‘ಗ್’ ವಿಷಯ ಮುಗಿಸೋಣ. ಈ ಮಂತ್ರ ಋಗ್ವೇದದಲ್ಲೂ ಇದೆ (ಒಂದನೇ ಮಂಡಲ, 89ನೇ ಸೂಕ್ತ, 8ನೇ ಋಕ್ಕು), ಕೃಷ್ಣ ಯಜುರ್ವೇದದ ತೈತ್ತಿರೀಯ ಶಾಖೆಯಲ್ಲೂ ಇದೆ. ತೈತ್ತಿರೀಯದವರು ರ, ಶ, ಷ, ಸ, ಹ ಮುಂದೆ ಬಂದಾಗ ಅದರ ಹಿಂದಿನ ಅನುಸ್ವಾರವನ್ನು ‘ಗ್ಂ’ ಎಂದು ಹೇಳುತ್ತಾರೆ. ಋಗ್ವೇದದವರು ಹಾಗೆ ಹೇಳುವುದಿಲ್ಲ. ನಿಮ್ಮ ಮನೆಗೆ ಬಂದವರು ಯಜುರ್ವೇದ ಕಲಿತವರು, ಪುಸ್ತಕದಲ್ಲಿರುವುದು ಋಗ್ವೇದದ ಪಾಠ. ಅಷ್ಟೇ ವ್ಯತ್ಯಾಸ. ಇಬ್ಬರದ್ದೂ ಸರಿ.

ಆದರೆ ನಿಮ್ಮ ಪುಸ್ತಕದಲ್ಲಿ ನಿಜವಾಗಿ ತಪ್ಪಾಗಿರುವ ಒಂದು ಜಾಗ ಇದೆ, ಅದು ನಿಮ್ಮ ಗಮನಕ್ಕೆ ಬಂದಿಲ್ಲ. ‘ತುಷ್ಟುವಾಂ’ ಆದ ಮೇಲೆ ಬಿಟ್ಟಿರುವ ಖಾಲಿ ಜಾಗ ನೋಡಿ. ಅಲ್ಲಿ ಪದ ಮುಗಿಯುವುದೇ ಇಲ್ಲ. ಪದಗಳು ‘ತುಷ್ಟುವಾಂಸಃ’ ಮತ್ತು ‘ತನೂಭಿಃ’. ಸ್ತುತಿ ಮಾಡಿದವರಾಗಿ, ಶರೀರಗಳಿಂದ ಕೂಡಿ, ಎಂದು ಅರ್ಥ. ‘ಸಸ್ತನೂಭಿಃ’ ಅನ್ನುವ ಪದವೇ ಇಲ್ಲಿಲ್ಲ. ಇದು ನಿಮ್ಮ ಪುಸ್ತಕದ ತಪ್ಪು ಮಾತ್ರ ಅಲ್ಲ, ಇನ್ನೂ ಕೆಲವು ಸ್ತೋತ್ರದ ಪುಸ್ತಕಗಳಲ್ಲಿ ನಾನು ಇದೇ ಥರ ನೋಡಿದ್ದೇನೆ. ಹಳೆಯ ಓಲೆಗರಿಗಳಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯೇ ಇರಲಿಲ್ಲ. ಓದಲು ಸುಲಭ ಆಗಲಿ ಅಂತ ಅಚ್ಚಿನವರು ಎಲ್ಲೋ ಒಂದು ಕಡೆ ಒಡೆದರು, ನೋಡಿ ಓದುವವರು ಅಲ್ಲೇ ಉಸಿರು ತೆಗೆದುಕೊಂಡರು.

ಇದು ನನಗೆ ಹೇಗೆ ಗೊತ್ತು ಅಂದರೆ, ಚಿಕ್ಕಂದಿನಲ್ಲಿ ನಾನೇ ಹೀಗೆ ಸಿಕ್ಕಿಬಿದ್ದಿದ್ದೆ. ಭಾಗಮಂಡಲದ ಹತ್ತಿರ ಅಜ್ಜನ ಮನೆಯಲ್ಲಿ, ಹೆಂಚಿನ ಮೇಲೆ ಜುಲೈ ತಿಂಗಳ ಮಳೆ ಸುರಿಯುತ್ತಿರುವಾಗ, ಅಜ್ಜ ನನಗೆ ಸಂತೆ ಹೇಳಿಸುತ್ತಿದ್ದರು. ಸೋಮವಾರದ ಸಂತೆ ಅಲ್ಲ, ವೇದಪಾಠದಲ್ಲಿ ಸಂತೆ ಅಂದರೆ ಗುರು ಒಂದು ತುಂಡನ್ನು ಒಂದು ಸಲ ಹೇಳುವುದು, ಶಿಷ್ಯ ಅದನ್ನೇ ಎರಡು ಸಲ ಹೇಳುವುದು. ಒಂದು ದಿನ ನನಗೆ ಬಾಯಿಗೆ ಬಂದಿರಲಿಲ್ಲ. ರಾತ್ರಿ ಪುಸ್ತಕ ನೋಡಿ ಉರು ಹೊಡೆದು ಬೆಳಿಗ್ಗೆ ಒಪ್ಪಿಸಿದೆ. ಅಜ್ಜ ಕಣ್ಣು ಮುಚ್ಚಿ ಕೇಳುತ್ತಿದ್ದವರು ‘ತುಷ್ಟುವಾಗ್ಂ’ ಆದ ಕೂಡಲೇ ಕೈ ಎತ್ತಿ ನಿಲ್ಲಿಸಿದರು. “ನೀನು ನೋಡಿ ಕಲಿತಿದ್ದೀಯ” ಅಂದರು. ಪುಸ್ತಕದಲ್ಲಿ ಆ ಸಾಲು ಅಲ್ಲೇ ಮುಗಿದು ‘ಸಸ್ತನೂಭಿಃ’ ಕೆಳಗಿನ ಸಾಲಿಗೆ ಹೋಗಿತ್ತು. ನನ್ನ ಉಸಿರು ಕೂಡ ಅಲ್ಲೇ ಮುಗಿದಿತ್ತು. ನೋಡಿ ಕಲಿತವರನ್ನು ಕಂಡುಹಿಡಿಯುವುದು ಹೀಗೇ. ಅಕ್ಷರ ಎಲ್ಲ ಸರಿ ಇರುತ್ತದೆ, ನಿಲ್ಲಿಸುವ ಜಾಗ ಮಾತ್ರ ಕಾಗದದ ಅಂಚಿನದ್ದಾಗಿರುತ್ತದೆ.

ಪಾಣಿನೀಯ ಶಿಕ್ಷೆ ಅನ್ನುವ ಹಳೆಯ ಉಚ್ಚಾರಣೆಯ ಗ್ರಂಥದಲ್ಲಿ ಆರು ಥರದ ಕೆಟ್ಟ ಪಾಠಕರ ಪಟ್ಟಿ ಇದೆ. ಹಾಡಿದ ಹಾಗೆ ಎಳೆಯುವವನು, ಅವಸರ ಮಾಡುವವನು, ತಲೆ ಅಲ್ಲಾಡಿಸುವವನು, ಅರ್ಥ ತಿಳಿಯದವನು, ಸಣ್ಣ ಗಂಟಲಿನವನು, ಇವರ ಜೊತೆಗೆ ‘ಲಿಖಿತಪಾಠಕ’, ಅಂದರೆ ಬರೆದದ್ದನ್ನು ನೋಡಿ ಓದುವವನು. ಬರವಣಿಗೆ ಗೊತ್ತಿಲ್ಲದ ಕಾಲದ ಮಾತಲ್ಲ ಇದು. ಬರವಣಿಗೆ ಚೆನ್ನಾಗಿ ಗೊತ್ತಿದ್ದೂ ಅದಕ್ಕೆ ಅಧಿಕಾರ ಕೊಡಬಾರದು ಅಂತ ತೀರ್ಮಾನ ಮಾಡಿದವರ ಮಾತು.

ಬಾಯಿಪಾಠದಲ್ಲೂ ತಪ್ಪು ನುಸುಳಬಹುದಲ್ವಾ, ಅದನ್ನು ಹಿಡಿಯುವವರು ಯಾರು ಅಂತ ನೀವು ಕೇಳಬಹುದು. ಅದಕ್ಕೆ ಅವರು ಮಾಡಿಕೊಂಡ ಉಪಾಯ ನನಗೆ ಇವತ್ತಿಗೂ ಆಶ್ಚರ್ಯ. ಮಂತ್ರವನ್ನು ಒಂದೇ ಥರ ಕಲಿಯುವುದಿಲ್ಲ. ನಾವು ಕೇಳುವ, ಪದಗಳು ಒಂದಕ್ಕೊಂದು ಅಂಟಿಕೊಂಡಿರುವ ರೂಪ ಸಂಹಿತಾಪಾಠ. ಅದನ್ನು ಬಿಡಿಸಿ ಹೇಳುವುದು ಪದಪಾಠ: ಸ್ಥಿರೈಃ, ಅಂಗೈಃ, ತುಷ್ಟುವಾಂಸಃ, ತನೂಭಿಃ. ಆಮೇಲೆ ಕ್ರಮ, ಎರಡೆರಡು ಪದ ಕೊಂಡಿ ಹಾಕಿಕೊಂಡು ಹೋಗುವುದು: ಸ್ಥಿರೈರಂಗೈಃ, ಅಂಗೈಸ್ತುಷ್ಟುವಾಂಸಃ, ತುಷ್ಟುವಾಂಸಸ್ತನೂಭಿಃ. ಆಮೇಲೆ ಜಟೆ. ಅದರಲ್ಲಿ ಅದೇ ಜೋಡಿಯನ್ನು ಮುಂದೆ, ಹಿಂದೆ, ಮತ್ತೆ ಮುಂದೆ ಹೇಳಬೇಕು: ತುಷ್ಟುವಾಂಸಸ್ತನೂಭಿಸ್ತನೂಭಿಸ್ತುಷ್ಟುವಾಂಸಸ್ತುಷ್ಟುವಾಂಸಸ್ತನೂಭಿಃ. ಇನ್ನೂ ಮುಂದೆ ಹೋದರೆ ಘನ, ಅದರ ಲೆಕ್ಕ 1-2, 2-1, 1-2-3, 3-2-1, 1-2-3.

ಈಗ ನಿಮ್ಮ ಪುಸ್ತಕದ ತಪ್ಪನ್ನು ಜಟೆಗೆ ಹಾಕಿ ನೋಡಿ. ಎರಡನೇ ಪದ ‘ಸಸ್ತನೂಭಿಃ’ ಅಂದುಕೊಂಡವನು ಹಿಂದೆ ತಿರುಗುವಾಗ ‘ಸಸ್ತನೂಭಿಸ್ತುಷ್ಟುವಾಂ’ ಅನ್ನಬೇಕಾಗುತ್ತದೆ. ಪಕ್ಕದಲ್ಲಿ ಕೂತವರ ಬಾಯಲ್ಲಿ ‘ತನೂಭಿಸ್ತುಷ್ಟುವಾಂಸಃ’ ಬರುತ್ತಿರುತ್ತದೆ. ಮುಂದಕ್ಕೆ ಹೇಳುವಾಗ ಕಿವಿಗೆ ಬೀಳದೆ ಅಡಗಿಕೊಂಡಿದ್ದ ತಪ್ಪು ಹಿಂದಕ್ಕೆ ಬರುವಾಗ ಎಲ್ಲರಿಗೂ ಕೇಳುತ್ತದೆ. ಪುಸ್ತಕಕ್ಕೆ ಹೀಗೆ ಹಿಂದಕ್ಕೆ ತಿರುಗಿ ತನ್ನನ್ನೇ ಪರೀಕ್ಷೆ ಮಾಡಿಕೊಳ್ಳಲು ಬರುವುದಿಲ್ಲ.

ಕೊಡಗಿನವರಿಗೆ ಬಾಯಿಪಾಠ ಹೊಸದೇನಲ್ಲ. ದುಡಿ ಕೊಟ್ಟಿ ಹಾಡುವ ಕೊಡವ ಪಾಟ್‌ಗಳು ತಲೆತಲಾಂತರದಿಂದ ಬಾಯಲ್ಲೇ ಬಂದವು, ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾಗುವವರೆಗೆ. ಆದರೆ ಅದು ಬೇರೆ ಜಾತಿಯ ನೆನಪು. ಮದುವೆ ಮನೆಯಲ್ಲಿ ಹಾಡುವವರು ಆ ಮನೆ, ಆ ಸಂದರ್ಭಕ್ಕೆ ತಕ್ಕ ಹಾಗೆ ಸಾಲು ಹೊಂದಿಸಿಕೊಳ್ಳಬಹುದು, ಹೊಂದಿಸಿದವರೇ ಒಳ್ಳೆಯ ಹಾಡುಗಾರರು. ವೇದದಲ್ಲಿ ಒಂದು ಮಾತ್ರೆಯನ್ನೂ ಮುಟ್ಟುವ ಹಾಗಿಲ್ಲ.

ಎಷ್ಟರಮಟ್ಟಿಗೆ ಅನ್ನುವುದಕ್ಕೆ ಇದೇ ಮಂತ್ರ ಸಾಕು. ಇದು ತ್ರಿಷ್ಟುಪ್ ಛಂದಸ್ಸು, ಸಾಲಿಗೆ 11 ಅಕ್ಷರ ಇರಬೇಕು. ಬೆರಳು ಮಡಚಿ ಎಣಿಸಿ. ‘ಭದ್ರಂ ಕರ್ಣೇಭಿಃ ಶೃಣುಯಾಮ ದೇವಾಃ’ 11. ‘ಭದ್ರಂ ಪಶ್ಯೇಮಾಕ್ಷಭಿರ್ಯಜತ್ರಾಃ’ 10. ‘ಸ್ಥಿರೈರಂಗೈಸ್ತುಷ್ಟುವಾಂಸಸ್ತನೂಭಿಃ’ 11. ‘ವ್ಯಶೇಮ ದೇವಹಿತಂ ಯದಾಯುಃ’ ಮತ್ತೆ 10. ಎರಡನೇ ಸಾಲಿನಲ್ಲಿ ‘ಪಶ್ಯೇಮ ಅಕ್ಷಭಿಃ’ ಅಂತ, ನಾಲ್ಕನೆಯದರಲ್ಲಿ ‘ವಿ ಅಶೇಮ’ ಅಂತ ಬಿಡಿಸಿದರೆ 11 ಸರಿಯಾಗಿ ಸಿಗುತ್ತದೆ. ಮಂತ್ರ ಕಟ್ಟಿದವರು ಹಾಗೆ ಬಿಡಿಸಿಯೇ ಹೇಳಿರಬೇಕು, ಸಂಧಿ ಆಮೇಲೆ ಗಟ್ಟಿಯಾಯಿತು ಅಂತ ವಿದ್ವಾಂಸರು ಹೇಳುತ್ತಾರೆ. ನನಗೂ ಅದು ಸರಿ ಅನ್ನಿಸುತ್ತದೆ. ಅಂದರೆ ಬಾಯಿಪಾಠ ಕಾಪಾಡಿದ್ದು ಮೊಟ್ಟಮೊದಲ ಧ್ವನಿಯನ್ನಲ್ಲ, ಒಂದು ಕಾಲದಲ್ಲಿ ಗಟ್ಟಿಯಾದ ಧ್ವನಿಯನ್ನು. ಆದರೆ ಛಂದಸ್ಸು ಬಲ್ಲ ಸಾವಿರಾರು ಜನ, ಒಂದಕ್ಷರ ಕಡಿಮೆ ಅಂತ ಗೊತ್ತಿದ್ದೂ, ಗುರುವಿನ ಬಾಯಿಂದ ಕೇಳಿದ್ದನ್ನು ತಿದ್ದಲಿಲ್ಲ.

ಇದರ ಬೆಲೆಯೂ ದೊಡ್ಡದು. ಋಗ್ವೇದಕ್ಕೆ 21 ಶಾಖೆಗಳು ಅಂತ ಪತಂಜಲಿ ಮಹಾಭಾಷ್ಯದಲ್ಲಿ ಹೇಳುತ್ತಾನೆ. ಇವತ್ತು ಹೇಳುವವರಲ್ಲಿ ಬಹುಪಾಲು ಎಲ್ಲರೂ ಶಾಕಲ ಶಾಖೆಯವರೇ. ಉಳಿದವುಗಳಲ್ಲಿ ಹಲವು ಈಗ ಬರೀ ಹೆಸರು. ಹೇಳುವ ಕೊನೆಯ ಬಾಯಿ ಮುಚ್ಚಿದ ದಿನ ಆ ಪಾಠ ಹೋಯಿತು.

ನಿಮ್ಮ ಪುಸ್ತಕ ಎಸೆಯಬೇಡಿ. ಕಲಿತದ್ದನ್ನು ನೆನಪು ಮಾಡಿಕೊಳ್ಳಲು ಅದು ಬೇಕು. ಪೆನ್ಸಿಲ್ ತೆಗೆದುಕೊಂಡು ‘ತುಷ್ಟುವಾಂ’ ಮತ್ತು ‘ಸಸ್ತನೂಭಿಃ’ ನಡುವೆ ಒಂದು ಕೊಂಡಿ ಗೆರೆ ಎಳೆಯಿರಿ. ಮುಂದಿನ ಸಲ ಭಟ್ಟರು ಬಂದಾಗ ಪುಸ್ತಕ ಮುಚ್ಚಿ, ಆ ಸಾಲನ್ನು ಒಂದು ಸಲ ಹೇಳಿಸಿಕೊಂಡು ನೀವು ಎರಡು ಸಲ ಹೇಳಿ.