ಮೊತ್ತ ತಾಳೆಯಾದರೂ ತಪ್ಪಿದ್ದ ಅಂಕಪಟ್ಟಿ

ಕ್ರಿಕೆಟ್ ಟೂರ್ನಿಗಳಲ್ಲಿ ಸ್ಕೋರರ್ ಆಗಿ ಕೂರುವ ನನ್ನ ಬಳಿಗೆ ಲೀಗ್ ಹಂತ ಮುಗಿದ ರಾತ್ರಿ ಒಂದೇ ಬಗೆಯ ಪ್ರಶ್ನೆ ಬರುತ್ತದೆ: ‘ಈ ಪಟ್ಟಿ ಸರಿಯಿದೆಯೇ, ಒಮ್ಮೆ ನೋಡಿ.’ ಎರಡು ವರ್ಷಗಳ ಹಿಂದೆ ಬಂದ ಒಂದು ಪಟ್ಟಿಯನ್ನು ನಾನು ಮರೆತಿಲ್ಲ. ಗುಂಪಿನಲ್ಲಿ ನಾಲ್ಕು ತಂಡ, ಆರು ಪಂದ್ಯ, ಅಗ್ರಸ್ಥಾನಕ್ಕೆ ಮಾತ್ರ ಫೈನಲ್. ನೀಲಿ ಮತ್ತು ಕೆಂಪು ಅಂಗಿಯ ತಂಡಗಳು ತಲಾ 4 ಅಂಕ ಗಳಿಸಿದ್ದವು. ಅಂಕ ಸಮನಾದಾಗ ನೋಡುವುದು ನೆಟ್ ರನ್ ರೇಟ್, ಅಂದರೆ ತಂಡ ಓವರಿಗೆ ಹೊಡೆದ ಸರಾಸರಿ ರನ್ನಿನಿಂದ ಓವರಿಗೆ ಬಿಟ್ಟುಕೊಟ್ಟ ಸರಾಸರಿ ರನ್ನನ್ನು ಕಳೆದರೆ ಬರುವ ಅಂಕಿ. ಅದನ್ನು ಕೆಂಪಿಗೆ +0.517, ನೀಲಿಗೆ +0.396 ಎಂದು ಬರೆದು, ಕೆಂಪು ತಂಡವನ್ನು ಫೈನಲ್‌ಗೆ ಕಳುಹಿಸಲಾಗಿತ್ತು.

ನಾನು ಮೊದಲು ನೋಡುವುದು ಕಾಲಂಗಳ ಮೊತ್ತ. ಆರು ಪಂದ್ಯಕ್ಕೆ ಒಟ್ಟು 12 ಅಂಕ ಇರಬೇಕು. 4, 4, 2, 2 ಸರಿಯಾಗಿತ್ತು. ಎಲ್ಲ ತಂಡಗಳು ಹೊಡೆದ ರನ್ನೂ ಎಲ್ಲ ತಂಡಗಳು ಬಿಟ್ಟುಕೊಟ್ಟ ರನ್ನೂ ಸಮನಾಗಿರಬೇಕು, ಅದೂ ಸರಿಯಾಗಿತ್ತು. ಆಡಿದ ಓವರ್, ಎಸೆದ ಓವರ್ ಕೂಡ ತಾಳೆಯಾದವು. ಫುಟ್‌ಬಾಲ್ ಪಟ್ಟಿಯಲ್ಲಿ ಗೋಲು ವ್ಯತ್ಯಾಸಗಳನ್ನು ಕೂಡಿದರೆ ಸೊನ್ನೆ ಬರಲೇಬೇಕು. ನೆಟ್ ರನ್ ರೇಟ್‌ಗೆ ಆ ಪರೀಕ್ಷೆ ಹೊಂದುವುದಿಲ್ಲ, ಏಕೆಂದರೆ ಪ್ರತಿ ತಂಡದ ಭಾಗಾಕಾರಕ್ಕೂ ಓವರುಗಳ ಸಂಖ್ಯೆ ಬೇರೆ ಬೇರೆ. ಮೊತ್ತ ಸೊನ್ನೆಯಾಗಲಿಲ್ಲವೆಂದು ಗಾಬರಿಯಾಗಬೇಕಿಲ್ಲ.

ಆದರೆ ಮೊತ್ತದ ಪರೀಕ್ಷೆ ಹಿಡಿಯುವುದು ಅಂಕಿ ತುಂಬುವಾಗಿನ ಕೈತಪ್ಪನ್ನು ಮಾತ್ರ. ನಿಯಮವನ್ನೇ ತಪ್ಪಾಗಿ ತಿಳಿದಿದ್ದರೆ ಆ ತಪ್ಪು ಎರಡೂ ತಂಡಗಳ ಲೆಕ್ಕದಲ್ಲಿ ಸಮನಾಗಿ ಕೂತು, ಮೊತ್ತ ಸರಿಯಾಗಿಯೇ ಕಾಣುತ್ತದೆ.

ನೀಲಿ ತಂಡ ಎಸೆದ ಓವರ್ ಎಂಬಲ್ಲಿ 55.2 ಎಂದಿತ್ತು. ಮೂರು ಪಂದ್ಯ, ತಲಾ 20 ಓವರ್, ಮಳೆ ಬಂದಿರಲಿಲ್ಲ. ಅಂಥ ಟೂರ್ನಿಯಲ್ಲಿ ನಿಯಮದಂತೆ ಲೆಕ್ಕಕ್ಕೆ ಹಿಡಿಯುವ ಎಸೆದ ಓವರ್ 60ಕ್ಕಿಂತ ಕಡಿಮೆಯಾಗಲು ಒಂದೇ ದಾರಿ: ಎದುರಾಳಿ ಗುರಿಯನ್ನು ಬೆನ್ನಟ್ಟಿ ಬೇಗ ಗೆದ್ದಿರಬೇಕು. ನೀಲಿ ಸೋತದ್ದು ಒಂದೇ ಪಂದ್ಯ, ಅದರಲ್ಲಿ ಎದುರಾಳಿ ಮೊದಲು ಬ್ಯಾಟ್ ಮಾಡಿತ್ತು. ಹಾಗಾದರೆ 55.2 ಬರುವುದು ಸಾಧ್ಯವೇ ಇಲ್ಲ. ಸ್ಕೋರ್ ಶೀಟ್‌ಗಳನ್ನು ತರಿಸಿಕೊಂಡೆ.

ಮೊದಲ ಪಂದ್ಯದಲ್ಲಿ ನೀಲಿ 20 ಓವರಿಗೆ 160, ಎದುರಾಳಿ 15.2 ಓವರಿಗೆ 96ಕ್ಕೆ ಆಲೌಟ್. ಎರಡನೆಯದರಲ್ಲಿ ಎದುರಾಳಿ 20 ಓವರಿಗೆ 141; ನೀಲಿ 18.4 ಓವರಿಗೆ 142. ಮೂರನೆಯದರಲ್ಲಿ ಕೆಂಪು ತಂಡ 158, ನೀಲಿ 8 ವಿಕೆಟ್‌ಗೆ 139. ಎರಡೂ ಪೂರ್ತಿ 20 ಓವರ್.

ಆಲೌಟ್ ಆದ ತಂಡಕ್ಕೆ ಅದು ಆಡಿದ ಓವರನ್ನಲ್ಲ, ಪಾಲಿಗಿದ್ದ ಪೂರ್ತಿ ಓವರನ್ನು ಹಿಡಿಯಬೇಕೆಂಬುದು ನಿಯಮ. ಇಲ್ಲದಿದ್ದರೆ ಹತ್ತು ವಿಕೆಟ್ ಬೇಗ ಕಳೆದುಕೊಂಡವರ ರನ್ ದರ ಏರಿ, ಅವರನ್ನು ಉರುಳಿಸಿದ ಬೌಲರ್‌ಗಳ ತಂಡಕ್ಕೇ ಶಿಕ್ಷೆಯಾಗುತ್ತದೆ. ನೀಲಿ ತಂಡಕ್ಕೆ ಆದದ್ದು ಅದೇ. ಆ 96 ರನ್ನನ್ನು 20 ಓವರಿಗೆ ಹಂಚದೆ 15.2ಕ್ಕೆ ಹಂಚಿದ್ದರು.

ಎರಡನೆಯ ತಪ್ಪು ಚುಕ್ಕೆಯದು. 18.4 ಎಂದರೆ 18 ಓವರ್ ಮತ್ತು 4 ಎಸೆತ. ಭಾಗಿಸುವಾಗ ಅದು 18.667. ಕಂಪ್ಯೂಟರಿನ ಪಟ್ಟಿಗೆ ಅದು ತಿಳಿಯುವುದಿಲ್ಲ, 18.4 ಎಂದೇ ಭಾಗಿಸುತ್ತದೆ. ಓವರ್ ಮತ್ತು ಎಸೆತವಾಗಿ ಬರೆದ ಮೊತ್ತದಲ್ಲಿ ಚುಕ್ಕೆಯ ನಂತರ 6, 7, 8 ಅಥವಾ 9 ಕಂಡರೆ ಈ ತಪ್ಪು ನಡೆದಿದೆ ಎಂದೇ ಅರ್ಥ: 18.4ಕ್ಕೆ 19.5 ಸೇರಿಸಿದರೆ 37.9 ಅಲ್ಲ, 38.3. A2 ಮನೆಯಲ್ಲಿ ಒಂದು ಇನಿಂಗ್ಸಿನ ಓವರ್ ಇದ್ದರೆ ಪಕ್ಕದಲ್ಲಿ ಹೀಗೆ ಬರೆದು, ಆ ಬೆಲೆಗಳನ್ನು ಕೂಡಿಕೊಳ್ಳಬೇಕು:

```
=INT(A2)+(A2-INT(A2))*10/6
```

ಈಗ ಸರಿಯಾದ ಲೆಕ್ಕ. ನೀಲಿ ಹೊಡೆದದ್ದು 441, ಓವರ್ 58.667, ದರ 7.517. ಬಿಟ್ಟುಕೊಟ್ಟದ್ದು 395, ಓವರ್ 60, ದರ 6.583. ನೆಟ್ ರನ್ ರೇಟ್ +0.934. ಕೆಂಪಿನ ಪಂದ್ಯಗಳಲ್ಲಿ ಯಾರೂ ಆಲೌಟ್ ಆಗಿರಲಿಲ್ಲ, ಎಲ್ಲ ಇನಿಂಗ್ಸೂ ಪೂರ್ತಿ 20 ಓವರ್; ಅದರ +0.517 ಹಾಗೆಯೇ ಉಳಿಯಿತು. ಫೈನಲ್ ಆಡಬೇಕಿದ್ದದ್ದು ನೀಲಿ.

ಇಲ್ಲಿ ದೊಡ್ಡ ಪೆಟ್ಟು ಆಲೌಟ್‌ನದು. ಚುಕ್ಕೆಯ ತಪ್ಪೊಂದೇ ಆಗಿದ್ದರೆ +0.934ರ ಬದಲು +0.968 ಬರುತ್ತಿತ್ತು, 0.034ರಷ್ಟು ಅಂತರ. ಅದನ್ನು ಚಿಲ್ಲರೆ ಎಂದು ಬಿಡುವವರು 2024ರ ಐಪಿಎಲ್ ನೆನಪಿಸಿಕೊಳ್ಳಲಿ. ಮೇ 18ರಂದು ಚಿನ್ನಸ್ವಾಮಿಯಲ್ಲಿ ಬೆಂಗಳೂರು 218 ಹೊಡೆದ ಮೇಲೆ ಚೆನ್ನೈ ಮುಂದಿನ ಹಂತಕ್ಕೆ ಹೋಗಲು ಗೆಲ್ಲಬೇಕೆಂದಿರಲಿಲ್ಲ, 201 ಸಾಕಿತ್ತು, ಮಾಡಿದ್ದು 191. ಇಬ್ಬರಿಗೂ 14 ಅಂಕ, ರನ್ ರೇಟ್ +0.459 ಮತ್ತು +0.392. ಅಂತರ 0.067.

ಮಳೆಯಿಂದ ಗುರಿ ಬದಲಾದ ಪಂದ್ಯವಿದ್ದರೆ ಸ್ಕೋರ್ ಶೀಟಿನ ರನ್ನನ್ನು ನೇರವಾಗಿ ತೆಗೆದುಕೊಳ್ಳುವಂತಿಲ್ಲ. ಮೊದಲು ಆಡಿದ ತಂಡಕ್ಕೆ ಪರಿಷ್ಕೃತ ಗುರಿಗಿಂತ ಒಂದು ಕಡಿಮೆ ರನ್ನನ್ನು, ಎರಡನೆಯ ತಂಡಕ್ಕೆ ಕೊಟ್ಟ ಓವರುಗಳಿಗೆ ಬರೆಯಬೇಕು. ಫಲಿತಾಂಶವಿಲ್ಲದ ಪಂದ್ಯದ ಅಂಕ ಹಂಚಿಕೆಯಾದರೂ ಅದರ ರನ್, ಓವರ್ ಈ ಲೆಕ್ಕಕ್ಕೆ ಬರುವುದಿಲ್ಲ.

ಆ ರಾತ್ರಿ ಆಯೋಜಕರಿಗೆ ಫೋನ್ ಮಾಡಿ, ಮೊದಲ ಪಂದ್ಯದ ಶೀಟನ್ನು ಎದುರಿಗಿಟ್ಟುಕೊಂಡು ‘96 ಆಲೌಟ್’ ಎಂಬ ಸಾಲನ್ನು ಓದಲು ಹೇಳಿದೆ. ಬೆಳಿಗ್ಗೆ ಫೈನಲ್‌ಗೆ ಮೊದಲು ಪಟ್ಟಿ ಬದಲಾಯಿತು.