ಶೇಪ್ ಫ್ಯಾಕ್ಟರ್ 1.5 ಆದರೆ ಬೀಮ್ ಒಂದೂವರೆ ಪಟ್ಟು ಹೊರುತ್ತದಾ?

ಪ್ರಶ್ನೆ: ಆಯತಾಕಾರದ ಸೆಕ್ಷನ್‌ಗೆ ಶೇಪ್ ಫ್ಯಾಕ್ಟರ್ 1.5. ಅಂದರೆ ಯೀಲ್ಡ್ ಆಗುವ ಲೋಡ್‌ನ ಒಂದೂವರೆ ಪಟ್ಟಿಗೆ ಬೀಮ್ ಕುಸಿಯುತ್ತದೆ ಅಂತ ತಾನೇ? ಹಾಗಾದ್ರೆ ಫಿಕ್ಸೆಡ್ ಬೀಮ್ ಲೆಕ್ಕದಲ್ಲಿ ಎರಡು ಪಟ್ಟು ಯಾಕೆ ಬರುತ್ತದೆ?

ಉತ್ತರ: ಈ ಗೊಂದಲ ತುಂಬಾ ಜನಕ್ಕೆ ಇದೆ. 1.5 ಅನ್ನೋದು ಸೆಕ್ಷನ್‌ನ ಗುಣ, ಬೀಮ್‌ನದ್ದಲ್ಲ. ಸೆಕ್ಷನ್ ಪೂರ್ತಿ ಯೀಲ್ಡ್ ಆದಾಗಿನ ಮೊಮೆಂಟ್, ಅಂಚು ಮಾತ್ರ ಯೀಲ್ಡ್ ಆದಾಗಿನ ಮೊಮೆಂಟ್‌ನ ಎಷ್ಟು ಪಟ್ಟು ಅನ್ನೋದೇ ಶೇಪ್ ಫ್ಯಾಕ್ಟರ್. ಒಂದು ಉಕ್ಕಿನ ಪಟ್ಟಿ ಇಟ್ಟುಕೊಂಡೇ ನೋಡೋಣ. ಅಗಲ 50 ಮಿ.ಮೀ., ಎತ್ತರ 100 ಮಿ.ಮೀ., ಯೀಲ್ಡ್ ಸ್ಟ್ರೆಸ್ 250 MPa, ಸ್ಪ್ಯಾನ್ 2 ಮೀಟರ್.

ಮೊದಲು 1.5 ಎಲ್ಲಿಂದ ಬಂತು ಅಂತ ನೋಡಿ. ಮೇಲಿನ ಮತ್ತು ಕೆಳಗಿನ ಅಂಚು ಈಗಷ್ಟೇ 250 ಮುಟ್ಟಿದೆ ಅಂದುಕೊಳ್ಳಿ. ಆಗ ಸ್ಟ್ರೆಸ್ ತ್ರಿಕೋನದ ಆಕಾರದಲ್ಲಿರುತ್ತದೆ, ನಡುವೆ ಸೊನ್ನೆ. ಮೇಲಿನ ಅರ್ಧ ಭಾಗ ತಳ್ಳುವ ಬಲ 312.5 kN. ಕೆಳಗಿನ ಅರ್ಧ ಅಷ್ಟೇ ಬಲದಿಂದ ಎಳೆಯುತ್ತದೆ. ಈ ಎರಡು ಬಲಗಳ ನಡುವಿನ ಅಂತರ ಎತ್ತರದ ಮೂರನೇ ಎರಡು ಭಾಗ, ಅಂದರೆ 66.7 ಮಿ.ಮೀ. ಗುಣಿಸಿದರೆ ಯೀಲ್ಡ್ ಮೊಮೆಂಟ್ 20.83 kNm.

ಲೋಡ್ ಇನ್ನೂ ಏರಿಸಿದರೆ ಅಂಚಿನಲ್ಲಿ ಸ್ಟ್ರೆಸ್ ಏರುವುದಿಲ್ಲ, ಆದರೆ ಒಳಗಿನ ಉಕ್ಕು ಒಂದೊಂದೇ ಪದರವಾಗಿ 250 ಮುಟ್ಟುತ್ತಾ ಬರುತ್ತದೆ. ಕೊನೆಗೆ ಇಡೀ ಸೆಕ್ಷನ್ ಯೀಲ್ಡ್ ಆದಾಗ ತ್ರಿಕೋನ ಹೋಗಿ ಆಯತವಾಗುತ್ತದೆ. ಬಲ ಎರಡು ಪಟ್ಟು, 625 kN. ಆದರೆ ಅಂತರ ಕಡಿಮೆಯಾಗಿ 50 ಮಿ.ಮೀ. ಆಗುತ್ತದೆ, ಮುಕ್ಕಾಲು ಪಾಲು. ಎರಡು ಇಂಟು ಮುಕ್ಕಾಲು, ಒಂದೂವರೆ. ಪ್ಲಾಸ್ಟಿಕ್ ಮೊಮೆಂಟ್ 31.25 kNm. bd²/4 ಮತ್ತು bd²/6 ಅಂತ ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಇದನ್ನು ನೆನಪಿಟ್ಟರೆ ಸಾಕು. ಪಟ್ಟಿಯನ್ನು ಅಡ್ಡ ಮಲಗಿಸಿದರೂ ಶೇಪ್ ಫ್ಯಾಕ್ಟರ್ 1.5 ಆಗಿಯೇ ಇರುತ್ತದೆ, ಪ್ಲಾಸ್ಟಿಕ್ ಮೊಮೆಂಟ್ ಮಾತ್ರ ಅರ್ಧಕ್ಕೆ ಇಳಿಯುತ್ತದೆ.

ಈಗ ಬೀಮ್‌ಗೆ ಬರೋಣ. ಎರಡೂ ತುದಿ ಸುಮ್ಮನೆ ಕೂತಿರುವ ಬೀಮ್, ನಡುವೆ ಒಂದು ಲೋಡ್. ಪೂರ್ತಿ ಯೀಲ್ಡ್ ಆದ ಸೆಕ್ಷನ್ ಬಾಗಿಲಿನ ಕೀಲಿನಂತೆ ತಿರುಗುತ್ತದೆ, ಅದೇ ಪ್ಲಾಸ್ಟಿಕ್ ಹಿಂಜ್. ಇಲ್ಲಿ ಅಂಥದ್ದು ಒಂದೇ ಸಾಕು, ಬೀಮ್ ಮಡಿಚಿಕೊಳ್ಳುತ್ತದೆ. ಯೀಲ್ಡ್ ಲೋಡ್ 41.7 kN, ಕುಸಿಯುವ ಲೋಡ್ 62.5 kN. ಅನುಪಾತ 1.5. ನಿಮ್ಮ ಊಹೆ ಇಲ್ಲಿ ಸರಿ.

ಅದೇ ಪಟ್ಟಿಯ ಎರಡೂ ತುದಿ ಫಿಕ್ಸ್ ಮಾಡಿ, ಉದ್ದಕ್ಕೂ ಸಮನಾಗಿ ಲೋಡ್ ಹಾಕಿ. ಎಲಾಸ್ಟಿಕ್ ಹಂತದಲ್ಲಿ ತುದಿಯ ಮೊಮೆಂಟ್ WL/12, ನಡುವೆ ಅದರ ಅರ್ಧ (W ಅಂದರೆ ಒಟ್ಟು ಲೋಡ್). 125 kN ಆದಾಗ ತುದಿಯಲ್ಲಿ ಯೀಲ್ಡ್ ಶುರು. ತುದಿಗಳು ಪೂರ್ತಿ ಪ್ಲಾಸ್ಟಿಕ್ ಆಗುವವರೆಗೆ ಈ ಹಂಚಿಕೆ ಬದಲಾಗುವುದಿಲ್ಲ ಅಂತ ಸರಳ ಮಾಡಿಕೊಂಡರೆ, ತುದಿಗಳ ಹಿಂಜ್ 187.5 kN ಗೆ ಬರುತ್ತದೆ. ಆಗ ನಡುಭಾಗದಲ್ಲಿ ಇರುವುದು ಬರೀ 15.6 kNm, ಅಂದರೆ ಅರ್ಧ ಸಾಮರ್ಥ್ಯ ಖಾಲಿ ಉಳಿದಿದೆ! ಬೀಮ್ ಬಿದ್ದಿಲ್ಲ. ಮುಂದಿನ ಲೋಡ್‌ಗೆ ಅದು ತುದಿ ಕಟ್ಟದ ಬೀಮ್‌ನಂತೆ ವರ್ತಿಸುತ್ತದೆ, ನಡುವಿನ ಮೊಮೆಂಟ್ WL/8 ಲೆಕ್ಕದಲ್ಲಿ ಏರುತ್ತದೆ. ಇನ್ನೂ 62.5 kN ಹಾಕಿದಾಗ ನಡುವೆ ಮೂರನೇ ಹಿಂಜ್. ಒಟ್ಟು 250 kN.

125 ರಿಂದ 250, ಎರಡು ಪಟ್ಟು. ಇದರಲ್ಲಿ 1.5 ಸೆಕ್ಷನ್ ಕೊಟ್ಟದ್ದು, ಉಳಿದ 4/3 ಮೊಮೆಂಟ್ ತುದಿಯಿಂದ ನಡುವಿಗೆ ಹಂಚಿಕೊಂಡದ್ದರಿಂದ ಬಂದದ್ದು. ಇದೇ ಫಿಕ್ಸೆಡ್ ಬೀಮ್‌ನ ನಡುವೆ ಒಂದೇ ಲೋಡ್ ಇಟ್ಟು ನೋಡಿ, ಅನುಪಾತ ಮತ್ತೆ 1.5 ಕ್ಕೆ ಇಳಿಯುತ್ತದೆ. ಯಾಕಂದ್ರೆ ಅಲ್ಲಿ ತುದಿಗೂ ನಡುವಿಗೂ ಮೊದಲಿಂದಲೇ ಸಮ ಮೊಮೆಂಟ್ (WL/8), ಹಂಚಿಕೊಳ್ಳಲು ಏನೂ ಉಳಿದಿರುವುದಿಲ್ಲ. ಫಿಕ್ಸೆಡ್ ಅಂದ ತಕ್ಷಣ ಎರಡು ಪಟ್ಟು ಅಂತ ಬರೆದರೆ ಎಡವುವುದು ಇಲ್ಲೇ.

ಇದೆಲ್ಲ ನಡೆಯುವುದು ಉಕ್ಕು ಮುರಿಯದೆ ಹಿಗ್ಗಿದರೆ ಮಾತ್ರ. ಎರಕದ ಕಬ್ಬಿಣ ಮೊದಲ ಹಿಂಜ್‌ಗೂ ಕಾಯುವುದಿಲ್ಲ. ತೆಳ್ಳಗಿನ ಎತ್ತರದ ಪಟ್ಟಿ ಪಕ್ಕಕ್ಕೆ ವಾಲಿ ಹೊರಳಿಬಿಟ್ಟರೂ ಲೆಕ್ಕ ಕೆಟ್ಟಿತು.

ಇನ್ನೊಂದು ವಿಷಯ. ಡಿಸೈನ್‌ನಲ್ಲಿ ಈ 1.5 ಪೂರ್ತಿ ಸಿಗುವುದಿಲ್ಲ. ತುದಿ ಸುಮ್ಮನೆ ಕೂತಿರುವ ಬೀಮ್‌ನಲ್ಲಿ ಯೀಲ್ಡ್ ಮೊಮೆಂಟ್‌ನ 1.2 ಪಟ್ಟಿಗಿಂತ ಜಾಸ್ತಿ ತೆಗೆದುಕೊಳ್ಳಬೇಡಿ ಅನ್ನುತ್ತದೆ ಉಕ್ಕಿನ ಡಿಸೈನ್‌ನ ಭಾರತೀಯ ಕೋಡ್ IS 800:2007. ದಿನನಿತ್ಯದ ಲೋಡ್‌ಗೇ ಬೀಮ್ ಶಾಶ್ವತವಾಗಿ ಬಾಗಿಬಿಡಬಾರದಲ್ವಾ, ಅದಕ್ಕೆ. ನಮ್ಮ ಪಟ್ಟಿಗೆ ಆ ಮಿತಿ 25 kNm. ಅದನ್ನು ಕೋಡ್‌ನ ಸೇಫ್ಟಿ ಫ್ಯಾಕ್ಟರ್ 1.10 ರಿಂದ ಭಾಗಿಸಿದರೆ ಕೈಗೆ ಸಿಗುವುದು 22.7 kNm, 31.25 ಅಲ್ಲ.