ಗಂಟಲು ಕೆರೆಯುತ್ತಿದೆ, ಪರೀಕ್ಷೆ ನೆಗೆಟಿವ್ ಬಂದಿದೆ: ಇನ್ನೂ ಪ್ರತ್ಯೇಕವಾಗಿ ಇರಬೇಕೇ?

ಪ್ರಶ್ನೆ: ಸೋಮವಾರ ಸಂಜೆಯಿಂದ ಗಂಟಲು ಕೆರೆಯುತ್ತಿದೆ, ನುಂಗುವಾಗ ಸ್ವಲ್ಪ ನೋವು. ಜ್ವರವಿಲ್ಲ, ಕೆಮ್ಮಿಲ್ಲ. ಮಂಗಳವಾರ ಬೆಳಿಗ್ಗೆ ಮನೆಯಲ್ಲೇ ಕೋವಿಡ್ ಕಿಟ್‌ನಿಂದ ಪರೀಕ್ಷೆ ಮಾಡಿಕೊಂಡೆ, ನೆಗೆಟಿವ್ ಬಂತು. ಮನೆಯಲ್ಲಿ 72 ವರ್ಷದ ಅಮ್ಮ ಇದ್ದಾರೆ, ಅವರಿಗೆ ಸಕ್ಕರೆ ಕಾಯಿಲೆ. ನಾನು ಎಂದಿನಂತೆ ಮನೆಯಲ್ಲಿ ಓಡಾಡಿಕೊಂಡಿರಬಹುದೇ?

ಉತ್ತರ: ಬೇಡ. ಮಂಗಳವಾರದ ನೆಗೆಟಿವ್ ಫಲಿತಾಂಶವನ್ನು ಪಕ್ಕಕ್ಕಿಟ್ಟು ಇಂದೇ ಬೇರೆ ಕೋಣೆ ಸೇರಿಕೊಳ್ಳಿ. ಗುರುವಾರ ಬೆಳಿಗ್ಗೆ ಇನ್ನೊಂದು ಪರೀಕ್ಷೆ ಮಾಡಿ. ಈ ಎರಡು ದಿನಗಳ ಅಂತರ ಏಕೆ ಬೇಕು ಎನ್ನುವುದು ತಿಳಿದರೆ ಉಳಿದುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಉಸಿರಾಟದ ವೈರಸ್‌ಗಳು ಸಾಮಾನ್ಯವಾಗಿ ಮೊದಲು ನೆಲೆಯೂರುವುದು ಮೂಗು ಮತ್ತು ಗಂಟಲಿನ ಒಳಪದರದಲ್ಲಿ. ಸೋಂಕು ತಗುಲಿದ ಜೀವಕೋಶಗಳ ಸುತ್ತ ದೇಹವು ಬ್ರಾಡಿಕೈನಿನ್, ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಇವು ಅಲ್ಲಿನ ನರದ ತುದಿಗಳನ್ನು ಕೆರಳಿಸಿದಾಗ ನಮಗೆ ಕೆರೆತ, ಉರಿ, ನುಂಗುವಾಗಿನ ನೋವು ಕಾಣಿಸಿಕೊಳ್ಳುತ್ತವೆ. ಎಂದರೆ ಗಂಟಲು ನೋವಿನ ಬಹುಪಾಲು ದೇಹದ ಪ್ರತಿರೋಧದಿಂದಲೇ ಬರುವಂಥದ್ದು. ಲಸಿಕೆ ಪಡೆದವರಲ್ಲಿ ಅಥವಾ ಹಿಂದೊಮ್ಮೆ ಸೋಂಕಾದವರಲ್ಲಿ ಈ ಪ್ರತಿರೋಧ ಬೇಗ ಎಚ್ಚರಗೊಳ್ಳುತ್ತದೆ. ವೈರಸ್ ಸಂಖ್ಯೆ ಇನ್ನೂ ಏರುತ್ತಿರುವಾಗಲೇ ಗಂಟಲು ನೋಯತೊಡಗುತ್ತದೆ.

ಮನೆಯಲ್ಲಿ ಬಳಸುವ ಆ್ಯಂಟಿಜೆನ್ ಕಿಟ್ ಹುಡುಕುವುದು ವೈರಸ್‌ನ ಪ್ರೋಟೀನನ್ನು. ಆ ಪ್ರೋಟೀನ್ ಸಾಕಷ್ಟು ಇದ್ದರೆ ಮಾತ್ರ ಗೆರೆ ಮೂಡುತ್ತದೆ. ಈಗಿನ ಕೋವಿಡ್ ಸೋಂಕಿನಲ್ಲಿ ಮೂಗಿನೊಳಗಿನ ವೈರಸ್ ಪ್ರಮಾಣ ಹೆಚ್ಚಿನವರಲ್ಲಿ ಗರಿಷ್ಠ ಮಟ್ಟ ಮುಟ್ಟುವುದು ಲಕ್ಷಣ ಕಾಣಿಸಿಕೊಂಡ ಮೂರು ನಾಲ್ಕು ದಿನಗಳ ಹೊತ್ತಿಗೆ. ನಿಮ್ಮ ಗಂಟಲು ಸೋಮವಾರ ಸಂಜೆಯೇ ಸುಳಿವು ಕೊಟ್ಟಿತು, ಕಿಟ್‌ಗೆ ಸಾಕಾಗುವಷ್ಟು ಸರಕು ಮಂಗಳವಾರ ಬೆಳಿಗ್ಗೆ ಇನ್ನೂ ಸೇರದೆ ಇದ್ದಿರಬಹುದು. ಲಕ್ಷಣ ಇರುವವರು 48 ಗಂಟೆಗಳ ಅಂತರದಲ್ಲಿ ಕನಿಷ್ಠ ಎರಡು ಸಲ ಪರೀಕ್ಷೆ ಮಾಡಬೇಕೆಂದು ಹೇಳುವುದು ಈ ಕಾರಣಕ್ಕೇ. ಆರ್‌ಟಿ-ಪಿಸಿಆರ್ ಪರೀಕ್ಷೆ ಇದಕ್ಕಿಂತ ಸೂಕ್ಷ್ಮ. ತೀರ್ಮಾನ ಬೇಗ ಬೇಕಿದ್ದರೆ ಅದನ್ನು ಮಾಡಿಸಬಹುದು.

ಆದರೆ ಬೆಳಿಗ್ಗೆ ಗಂಟಲು ಒಣಗಿದ ಮಾತ್ರಕ್ಕೆಲ್ಲ ಕಿಟ್ ತೆರೆಯಬೇಕಾಗಿಲ್ಲ. ಬಾಯಿ ತೆರೆದು ಮಲಗಿದ್ದರಿಂದ ಬಂದ ಕೆರೆತ ನೀರು ಕುಡಿದು ಸ್ವಲ್ಪ ಹೊತ್ತು ಕಳೆದರೆ ಇಳಿಯುತ್ತದೆ. ಹೊತ್ತೇರಿದಂತೆ ನೋವೂ ಏರಿದರೆ, ಅದರ ಜೊತೆಗೆ ಮೈ ಭಾರ, ತಲೆನೋವು, ಚಳಿ, ಸೀನು ಇವುಗಳಲ್ಲಿ ಒಂದಾದರೂ ಸೇರಿದರೆ ಸೋಂಕೆಂದೇ ಎಣಿಸಿ. ನಿಮಗೆ ಸಂಜೆ ಶುರುವಾದ ನೋವು ರಾತ್ರಿ ಕಳೆದರೂ ಹೋಗಿಲ್ಲ, ಮನೆಯಲ್ಲಿ ಅಪಾಯದ ಅಂಚಿನಲ್ಲಿರುವವರು ಇದ್ದಾರೆ. ಇಷ್ಟು ಸಾಕು.

ಪರೀಕ್ಷೆಯ ಬಗ್ಗೆಯೂ ನಾಲ್ಕು ಮಾತು ಹೇಳಬೇಕು, ಏಕೆಂದರೆ ಸುಳ್ಳು ನೆಗೆಟಿವ್‌ಗಳಲ್ಲಿ ಒಂದಷ್ಟು ನಮ್ಮ ಕೈಯಿಂದಲೇ ಆಗುತ್ತವೆ. ಕಿಟ್ ತಣ್ಣಗಿನ ಜಾಗದಲ್ಲಿದ್ದರೆ ಮೊದಲು ಹೊರಗಿಟ್ಟು ಕೋಣೆಯ ಬಿಸಿಗೆ ಬರಲು ಬಿಡಿ. ಮೂಗು ಸೀಟಿ, ಕೈ ತೊಳೆದು ಆರಿಸಿಕೊಳ್ಳಿ. ಹತ್ತಿಕಡ್ಡಿಯನ್ನು ಹೊಳ್ಳೆಯ ತುದಿಗೆ ತಾಗಿಸಿ ತೆಗೆದರೆ ಏನೂ ಸಿಗುವುದಿಲ್ಲ. ಕಿಟ್‌ನಲ್ಲಿ ಹೇಳಿದಷ್ಟು ಒಳಗೆ ಹೋಗಬೇಕು, ಒಳಗೋಡೆಗೆ ಒತ್ತಿ ಹೇಳಿದಷ್ಟು ಸುತ್ತು ತಿರುಗಿಸಬೇಕು, ಎರಡೂ ಹೊಳ್ಳೆಗಳಲ್ಲಿ. ಗಂಟಲು ನೋಯುತ್ತಿದೆ ಎಂದು ಮೂಗಿಗಾಗಿ ಮಾಡಿದ ಕಡ್ಡಿಯನ್ನು ಗಂಟಲಿಗೆ ಹಾಕಬೇಡಿ, ಕಿಟ್‌ನ ಸೂಚನೆಯಲ್ಲೇ ಹಾಗೆ ಹೇಳಿದ್ದರೆ ಬೇರೆ ಮಾತು.

ದ್ರವದ ಹನಿ ಬಿಟ್ಟ ಮೇಲೆ ಗಡಿಯಾರ ನೋಡಿಕೊಳ್ಳಿ. ಹೆಚ್ಚಿನ ಕಿಟ್‌ಗಳಲ್ಲಿ 15 ನಿಮಿಷಕ್ಕೆ ಫಲಿತಾಂಶ ಓದಬೇಕು, ಆದರೆ ನಿಮ್ಮ ಕಿಟ್ ಏನು ಹೇಳುತ್ತದೋ ಅದೇ ಕೊನೆ. ಐದು ನಿಮಿಷಕ್ಕೇ ನೋಡಿ ಎಸೆದರೆ ತಡವಾಗಿ ಮೂಡುವ ಗೆರೆ ತಪ್ಪಿಹೋಗುತ್ತದೆ. ಎರಡು ಗಂಟೆ ಬಿಟ್ಟು ನೋಡಿದಾಗ ಕಂಡ ಗೆರೆಯನ್ನೂ ನಂಬಬಾರದು. ‘ಸಿ’ ಗೆರೆ ಮೂಡದಿದ್ದರೆ ಆ ಪರೀಕ್ಷೆಯೇ ಕೆಟ್ಟಿದೆ. ‘ಟಿ’ ಗೆರೆ ಹೇಳಿದ ಸಮಯದೊಳಗೆ ಎಷ್ಟೇ ಮಸುಕಾಗಿ ಕಂಡರೂ ಅದು ಪಾಸಿಟಿವ್. ದೀಪದ ಕೆಳಗೆ ಹಿಡಿದು ಓರೆಯಾಗಿ ನೋಡಿದಾಗ ಮಾತ್ರ ಕಾಣುವ, ಬೂದಿಯ ಎಳೆಯಂಥ ಗೆರೆಯನ್ನು ‘ಇದೇನೂ ಅಲ್ಲ’ ಎಂದು ತಳ್ಳಿಹಾಕುವವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಎಳೆಗೆ ಬಣ್ಣ ಸೇರಿದ್ದರೆ ಅದು ಸುಳ್ಳಾಗುವುದು ಅಪರೂಪ.

ಎರಡನೆಯ ಪರೀಕ್ಷೆಯೂ ನೆಗೆಟಿವ್ ಬಂದರೆ? ಕೋವಿಡ್ ಸಾಧ್ಯತೆ ತಗ್ಗಿತು, ಅಷ್ಟೇ. ಇನ್‌ಫ್ಲುಯೆಂಜಾ, ನೆಗಡಿಯ ರೈನೊವೈರಸ್, ಅಡೆನೊವೈರಸ್ ಇವೆಲ್ಲ ಗಂಟಲಿನಿಂದಲೇ ಆರಂಭವಾಗಬಹುದು, ಕೋವಿಡ್ ಕಿಟ್ ಅವನ್ನು ಕಾಣುವುದೇ ಇಲ್ಲ. ಇದ್ದಕ್ಕಿದ್ದಂತೆ ಹೆಚ್ಚು ಜ್ವರ, ಮೈಕೈ ನೋವು ಬಂದರೆ ಇನ್‌ಫ್ಲುಯೆಂಜಾ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಇನ್ನೊಂದು ದಾರಿ ಬ್ಯಾಕ್ಟೀರಿಯಾದ್ದು. ಕೆಮ್ಮು, ಮೂಗು ಸೋರುವುದು, ಧ್ವನಿ ಕಟ್ಟುವುದು ವೈರಸ್‌ನತ್ತ ಬೆರಳು ತೋರಿಸುತ್ತವೆ. ಕೆಮ್ಮೇ ಇಲ್ಲದೆ ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವಿನ ಚುಕ್ಕೆ, ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಡ್ಡೆ ಕಂಡರೆ ಸ್ಟ್ರೆಪ್ಟೊಕಾಕಸ್ ಸೋಂಕಿಗಾಗಿ ಗಂಟಲಿನ ಪರೀಕ್ಷೆ ಮಾಡಿಸಬೇಕಾಗುತ್ತದೆ. ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಈ ಕೊನೆಯ ಸಂದರ್ಭದಲ್ಲಿ. ವೈರಸ್ ಗಂಟಲು ನೋವಿಗೆ ಅದನ್ನು ನುಂಗಿದರೆ ಏನೂ ಪ್ರಯೋಜನವಿಲ್ಲ.

ಇನ್ನು ಮನೆಯೊಳಗಿನ ವ್ಯವಸ್ಥೆ. ಪ್ರತ್ಯೇಕವಾಗಿರುವುದೆಂದರೆ ತಟ್ಟೆ ಲೋಟ ಬೇರೆ ಮಾಡುವುದು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಮಾಡಿದರೆ ತಪ್ಪಿಲ್ಲ, ಸಾಬೂನಿನಿಂದ ತೊಳೆದರೂ ಸಾಕು. ಆದರೆ ಈ ಸೋಂಕುಗಳಲ್ಲಿ ಹೆಚ್ಚು ಗಮನ ಬೇಡುವುದು ಗಾಳಿ. ನೀವು ಮಾತಾಡಿದಾಗ, ಕೆಮ್ಮಿದಾಗ, ಸುಮ್ಮನೆ ಉಸಿರಾಡಿದಾಗಲೂ ಹೊರಬರುವ ಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ. ಆದ್ದರಿಂದ ನಿಮ್ಮ ಕೋಣೆಯ ಗಾಳಿ ಅಮ್ಮ ಇರುವ ಕಡೆಗೆ ಹರಿಯದೆ ಹೊರಗೆ ಹೋಗಬೇಕು.

ಅದು ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯಲು ತೆಳುವಾದ ಟಿಶ್ಯೂ ಕಾಗದದ ಬೆರಳಗಲದ ಪಟ್ಟಿಯೊಂದು ಸಾಕು. ಕೋಣೆಯ ಬಾಗಿಲನ್ನು ಎರಡು ಬೆರಳು ಬಿಟ್ಟು ಮುಚ್ಚಿ, ಆ ಸಂದಿಯಲ್ಲಿ ಕಾಗದವನ್ನು ಮೇಲ್ತುದಿ ಹಿಡಿದು ಇಳಿಬಿಡಿ. ಕಾಗದ ಕೋಣೆಯ ಒಳಕ್ಕೆ ವಾಲಿದರೆ ಮನೆಯ ಗಾಳಿ ನಿಮ್ಮ ಕಡೆಗೆ ಬರುತ್ತಿದೆ, ಸರಿಯಾಗಿದೆ. ಹೊರಕ್ಕೆ ವಾಲಿದರೆ ನಿಮ್ಮ ಗಾಳಿ ಮನೆಯೊಳಕ್ಕೆ ನುಗ್ಗುತ್ತಿದೆ. ಕಿಟಕಿ ತೆರೆದುಬಿಟ್ಟರೆ ಒಳ್ಳೆಯದೇ ಎಂದುಕೊಂಡಿರುತ್ತೇವೆ, ಆದರೆ ಗಾಳಿ ಆ ಕಿಟಕಿಯತ್ತಲೇ ಬೀಸುತ್ತಿದ್ದರೆ ಹೀಗಾಗುತ್ತದೆ. ಆಗ ಟೇಬಲ್ ಫ್ಯಾನನ್ನು ಕಿಟಕಿಗೆ ಎದುರಾಗಿ, ಹೊರಕ್ಕೆ ಊದುವಂತೆ ಇಡಿ. ಕೋಣೆಗೆ ಸೇರಿದ ಬಚ್ಚಲಿನಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದರೆ ಅದನ್ನು ಹಾಕಿಡಿ. ಮತ್ತೆ ಕಾಗದ ಹಿಡಿದು ನೋಡಿ. ಆಗಲೂ ಹೊರಕ್ಕೇ ವಾಲಿದರೆ ಆ ಕಿಟಕಿಯನ್ನು ಅರ್ಧ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ಒತ್ತಿಡಿ. ಸೀಲಿಂಗ್ ಫ್ಯಾನ್ ಒಂದೇ ಇದ್ದರೆ ಅದು ಗಾಳಿಯನ್ನು ಕಲಕುತ್ತದೆ, ಹೊರಹಾಕುವುದಿಲ್ಲ.

ಬಚ್ಚಲು ಒಂದೇ ಇದ್ದರೆ ಅಮ್ಮ ಮೊದಲು, ನೀವು ಕೊನೆಗೆ. ನೀವು ಬಳಸಿದ ಮೇಲೆ ಕಿಟಕಿ ಅಥವಾ ಎಕ್ಸಾಸ್ಟ್ ತೆರೆದಿಟ್ಟು ಸಾಧ್ಯವಾದಷ್ಟು ಹೊತ್ತು ಬಿಡಿ, ಅರ್ಧ ಗಂಟೆಯಾದರೂ. ಕೋಣೆಯಿಂದ ಹೊರಗೆ ಕಾಲಿಡುವಾಗ ಇಬ್ಬರೂ ಮಾಸ್ಕ್ ಧರಿಸಿ. ಮುಖಕ್ಕೆ ಸಂದಿಯಿಲ್ಲದೆ ಕೂರುವ ಎನ್95 ಉತ್ತಮ. ಅದನ್ನು ಮೂಗಿನ ಕೆಳಗೆ ಇಳಿಸಿಕೊಂಡರೆ ಹಾಕಿಯೂ ಹಾಕದಂತೆ. ಊಟವನ್ನು ಒಟ್ಟಿಗೆ ಮಾಡಬೇಡಿ, ಏಕೆಂದರೆ ಆಗ ಇಬ್ಬರ ಮಾಸ್ಕೂ ಕೆಳಗಿರುತ್ತದೆ. ಅಮ್ಮನ ಮಾತ್ರೆ, ಸಕ್ಕರೆ ತಪಾಸಣೆ ನೋಡಿಕೊಳ್ಳುವವರು ನೀವೇ ಆಗಿದ್ದರೆ ಆ ಕೆಲಸವನ್ನು ಈ ವಾರ ಬೇರೆಯವರಿಗೆ ವಹಿಸಿ, ಸಾಧ್ಯವಿಲ್ಲದಿದ್ದರೆ ಮಾಸ್ಕ್ ಹಾಕಿ ತೆರೆದ ಕಿಟಕಿಯ ಬಳಿ ಬೇಗ ಮುಗಿಸಿ.

ಎಷ್ಟು ದಿನ? ನಿಮ್ಮ ವಿಷಯದಲ್ಲೇ ಲೆಕ್ಕ ಹಾಕೋಣ. ಗಂಟಲು ನೋವು ಶುರುವಾದ ಸೋಮವಾರ ಸೊನ್ನೆಯ ದಿನ. ಗುರುವಾರದ ಪರೀಕ್ಷೆ ಪಾಸಿಟಿವ್ ಬಂತು, ಬುಧವಾರ ಬಂದ ಜ್ವರ ಶುಕ್ರವಾರ ಬೆಳಿಗ್ಗೆ ಬಿಟ್ಟಿತು ಎಂದುಕೊಳ್ಳಿ. ಪ್ಯಾರಸಿಟಮಾಲ್ ನುಂಗಿ ಇಳಿದ ಜ್ವರ ಲೆಕ್ಕಕ್ಕಿಲ್ಲ. ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಾರದಿರಬೇಕು, ಉಳಿದ ಲಕ್ಷಣಗಳೂ ಒಟ್ಟಾರೆ ಇಳಿಯುತ್ತಿರಬೇಕು. ಆ ಲೆಕ್ಕಕ್ಕೆ ಶನಿವಾರ ಬೆಳಿಗ್ಗೆ ಕೋಣೆಯಿಂದ ಹೊರಬರಬಹುದು. ಆದರೆ ಮುಂದಿನ ಐದು ದಿನ, ಗುರುವಾರದ ತನಕ, ಮಾಸ್ಕ್ ಮತ್ತು ತೆರೆದ ಕಿಟಕಿ ಬಿಡಬಾರದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2024ರ ಮಾರ್ಚ್‌ನಿಂದ ಉಸಿರಾಟದ ವೈರಸ್‌ಗಳಿಗೆಲ್ಲ ಹೇಳುತ್ತಿರುವುದು ಈ ಕ್ರಮವನ್ನೇ; ನಿಮ್ಮಲ್ಲಿನ ಆರೋಗ್ಯ ಇಲಾಖೆ ಬೇರೆ ಅವಧಿ ಹೇಳಿದ್ದರೆ ಅದನ್ನು ಪಾಲಿಸಿ. ಅಮ್ಮನ ಪಕ್ಕ ಮಾಸ್ಕಿಲ್ಲದೆ ಕೂರುವ ಮೊದಲು ಇನ್ನೊಂದು ಆ್ಯಂಟಿಜೆನ್ ಪರೀಕ್ಷೆ ಮಾಡಿ, ಗೆರೆ ಇನ್ನೂ ಮೂಡುತ್ತಿದ್ದರೆ ಕಾಯಿರಿ ಎನ್ನುತ್ತೇನೆ. ಇದಕ್ಕೆ ಆರ್‌ಟಿ-ಪಿಸಿಆರ್ ಬೇಡ, ಅದು ಗುಣವಾದ ಮೇಲೂ ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು.

ಇಷ್ಟೆಲ್ಲ ಮಾಡಿದರೂ ಅಮ್ಮನಿಗೆ ಸೋಂಕು ತಗುಲಿರಬಹುದು, ಏಕೆಂದರೆ ಗಂಟಲು ನೋಯುವುದಕ್ಕೆ ಒಂದೆರಡು ದಿನ ಮೊದಲೇ ವೈರಸ್ ಹರಡತೊಡಗುತ್ತದೆ. ಅವರಿಗೆ ಗಂಟಲು ಕೆರೆದ ದಿನವೇ ವೈದ್ಯರಿಗೆ ಕರೆ ಮಾಡಿ, ಮನೆಯಲ್ಲಿ ನಿಮಗೆ ಸೋಂಕು ಇರುವುದನ್ನು ತಿಳಿಸಿ. ಅವರ ವಿಷಯದಲ್ಲಿ ಎರಡನೆಯ ಕಿಟ್‌ಗಾಗಿ ಕಾಯಬೇಡಿ. ಕೋವಿಡ್‌ನ ವೈರಸ್ ನಿರೋಧಕ ಮಾತ್ರೆಗಳನ್ನು ಲಕ್ಷಣ ಕಂಡ ಐದು ದಿನದೊಳಗೆ ಶುರು ಮಾಡಬೇಕು, ಇನ್‌ಫ್ಲುಯೆಂಜಾ ಔಷಧ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲ.

ನಿಮ್ಮಿಬ್ಬರಲ್ಲಿ ಯಾರಿಗೇ ಆಗಲಿ, ಉಸಿರು ಮೇಲೆ ಮೇಲೆ ಬಂದರೆ, ಎದೆ ನೋವು ಬಂದರೆ, ಮಾತಿನಲ್ಲಿ ಗೊಂದಲ ಕಂಡರೆ, ಆಕ್ಸಿಮೀಟರ್‌ನಲ್ಲಿ ಆಮ್ಲಜನಕ 94ಕ್ಕಿಂತ ಕೆಳಗೆ ನಿಂತರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಗಂಟಲಿನದೇ ಆದ ತುರ್ತು ಸೂಚನೆಯೂ ಒಂದಿದೆ: ಎಂಜಲನ್ನೂ ನುಂಗಲಾಗದೆ ಬಾಯಿಂದ ಸುರಿಯುವುದು, ಬಾಯಿ ತೆರೆಯಲು ಬಾರದಿರುವುದು, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರಂತೆ ಧ್ವನಿ ಹೂತುಹೋಗುವುದು. ಟಾನ್ಸಿಲ್ ಹಿಂದೆ ಕೀವು ತುಂಬಿದಾಗ ಅಥವಾ ಶ್ವಾಸದ ಬಾಗಿಲು ಊದಿಕೊಂಡಾಗ ಹೀಗಾಗುತ್ತದೆ. ಅದನ್ನು ಬೆಳಗಾಗುವ ತನಕವೂ ಕಾಯಿಸಬಾರದು.